ಕೂಪನ್ ಹಿಡಿಯಲಿಲ್ಲ, ಡೆಲಿವರಿ ಶುಲ್ಕ ಮಾತ್ರ ಎರಡು ಸಲ ಹಿಡಿದರು

ಪ್ರಶ್ನೆ: ಆನ್‌ಲೈನ್‌ನಲ್ಲಿ 1,260ರ ಒಂದು ಬ್ಯಾಗು, 980ರ ಒಂದು ಮೇಜಿನ ದೀಪ ಒಟ್ಟಿಗೇ ತರಿಸಿದೆ. 2,000 ದಾಟಿದರೆ 15 ಪರ್ಸೆಂಟ್ ರಿಯಾಯಿತಿ ಅಂತ ಅವರೇ ಕಳಿಸಿದ ಕೂಪನ್ ಹಾಕಿದ್ದೆ. ಅದು ಬಿಲ್ಲಿನಲ್ಲಿ ಎಲ್ಲೂ ಇಲ್ಲ. ಡೆಲಿವರಿ 60 ಅಂತ ತೋರಿಸಿ ಎರಡು ಸಲ 60 ತಗೊಂಡಿದ್ದಾರೆ. ಕಾರ್ಡಿನಿಂದ 1,320 ಮತ್ತು 1,040 ಅಂತ ಎರಡು ಸಲ ಹಣ ಹೋಗಿದೆ. ಕೂಪನ್ ಹಾಕುವ ಮುಂಚಿನ ಕಾರ್ಟ್ ಪುಟದ ಸ್ಕ್ರೀನ್‌ಶಾಟ್ ಮಾತ್ರ ನನ್ನ ಹತ್ತಿರ ಇದೆ. "ಇದು ಹಗಲು ದರೋಡೆ, 396 ವಾಪಸ್ ಕೊಡದಿದ್ದರೆ ಕೋರ್ಟಿಗೆ ಎಳೆಯುತ್ತೇನೆ" ಅಂತ ಬರೆದೆ. "ಆರ್ಡರ್ ಆದ ಮೇಲೆ ಕೂಪನ್ ಹಾಕಲು ಬರುವುದಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು, ದೂರು ಮುಚ್ಚಿದೆ ಅಂತಲೂ ತೋರಿಸುತ್ತಿದೆ. ಈಗ ಹೇಗೆ ಬರೆಯಲಿ?

ಉತ್ತರ: ಮೊದಲು ಆ 396 ಅನ್ನುವ ಅಂಕಿಯನ್ನು ಸರಿ ಮಾಡಿಕೊಳ್ಳೋಣ. 2,240ಕ್ಕೆ 15 ಪರ್ಸೆಂಟ್ ಅಂದರೆ 336, ಅದಕ್ಕೆ ಹೆಚ್ಚುವರಿ ಡೆಲಿವರಿ 60 ಸೇರಿಸಿ 396 ಅಂತ ನೀವು ಹಾಕಿದ್ದೀರಿ. ಆದರೆ ಪರ್ಸೆಂಟ್ ಲೆಕ್ಕದ ಕೂಪನ್‌ಗಳಿಗೆ ಬಹುಪಾಲು ಒಂದು ಮೇಲ್ಮಿತಿ ಇರುತ್ತದೆ. ಸಂದೇಶದ ದೊಡ್ಡಕ್ಷರದಲ್ಲಿ 15 ಪರ್ಸೆಂಟ್ ಅಂತ ಹಾಕಿ, "ಗರಿಷ್ಠ 300" ಎಂಬುದನ್ನು ಕೆಳಗಿನ ಷರತ್ತುಗಳಲ್ಲಿ ಸೇರಿಸಿರುತ್ತಾರೆ. ಕೂಪನ್ ಬಂದ ಸಂದೇಶವನ್ನು ತೆರೆದು ಷರತ್ತುಗಳ ಕೊಂಡಿಯನ್ನು ಒತ್ತಿ ನೋಡಿ, ಆ ಪುಟವನ್ನು ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೊಡುಗೆಯ ಅವಧಿ ಮುಗಿದ ಮೇಲೆ ಅಂಥ ಪುಟಗಳು ಕಾಣೆಯಾಗುವುದುಂಟು. ನಿಮ್ಮದರಲ್ಲೂ ಮೇಲ್ಮಿತಿ 300 ಅಂತ ಇದೆ ಎಂದುಕೊಂಡು ಮುಂದಿನ ಲೆಕ್ಕ ಹಾಕುತ್ತೇನೆ. ಮಿತಿ ಇಲ್ಲದಿದ್ದರೆ 300 ಇದ್ದಲ್ಲೆಲ್ಲ 336 ಬರೆದುಕೊಳ್ಳಿ.

ಇದನ್ನೇ ಮೊದಲು ಎತ್ತಿಕೊಂಡದ್ದಕ್ಕೆ ಕಾರಣ ಇದೆ. ದೂರು ಓದುವವರು ಎಲ್ಲಕ್ಕಿಂತ ಮುಂಚೆ ನೀವು ಕೇಳಿದ ಮೊತ್ತವನ್ನು ತಮ್ಮ ಪರದೆಯ ಮೊತ್ತದ ಜೊತೆ ಹೋಲಿಸುತ್ತಾರೆ. 36 ಹೆಚ್ಚು ಕೇಳಿದರೆ ಉಳಿದ 360ರ ಬಗ್ಗೆ ಮಾತೇ ಎತ್ತದೆ "ನಿಮ್ಮ ಲೆಕ್ಕ ಸರಿಯಿಲ್ಲ" ಅಂತ ಉತ್ತರ ಕಳಿಸಿ ಕೈತೊಳೆದುಕೊಳ್ಳಬಹುದು. ಗ್ರಾಹಕ ದೂರುಗಳ ಮೇಜಿನ ಆ ಕಡೆ ಬಹುಕಾಲ ಕೂತಿದ್ದವಳು ನಾನು. ನ್ಯಾಯವಾದ ದೂರುಗಳು ಹೀಗೆ ಲೆಕ್ಕದ ಒಂದು ಎಳೆಯಿಂದಾಗಿ ಮೂಲೆ ಸೇರಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು, ಏನಾಗಿದೆ ಅನ್ನುವುದಕ್ಕೆ ಬರೋಣ. ನೀವು ಎರಡು ತಪ್ಪು ಅಂದುಕೊಂಡಿರುವುದು ಬಹುಶಃ ಒಂದೇ ತಪ್ಪು. ಬ್ಯಾಂಕಿನ ಎರಡು ಸಾಲುಗಳನ್ನು ನೋಡಿ: 1,320 ಅಂದರೆ ಬ್ಯಾಗು 1,260 ಮತ್ತು ಡೆಲಿವರಿ 60. 1,040 ಅಂದರೆ ದೀಪ 980 ಮತ್ತು ಡೆಲಿವರಿ 60. ನೀವು ಒಂದೇ ಆರ್ಡರ್ ಹಾಕಿದ್ದೀರಿ, ಅವರ ವ್ಯವಸ್ಥೆ ಅದನ್ನು ಒಳಗೊಳಗೇ ಎರಡು ಆರ್ಡರ್ ಮಾಡಿಕೊಂಡಿದೆ. ಎರಡು ವಸ್ತುಗಳು ಬೇರೆ ಬೇರೆ ಗೋದಾಮಿನಲ್ಲಿದ್ದರೆ, ಅಥವಾ ಒಂದೇ ತಾಣದಲ್ಲಿ ಇಬ್ಬರು ಮಾರಾಟಗಾರರು ಮಾರುತ್ತಿದ್ದರೆ ಹೀಗೆ ಒಡೆಯುವುದು ಮಾಮೂಲು. ಒಡೆದ ಮೇಲೆ ಪ್ರತಿ ತುಂಡಿಗೂ ಬೇರೆ ಬಿಲ್ಲು, ಬೇರೆ ಡೆಲಿವರಿ ಶುಲ್ಕ. ಕೂಪನ್ ಬಿದ್ದುಹೋದದ್ದೂ ಅಲ್ಲಿಯೇ. 2,000 ದಾಟಬೇಕು ಅನ್ನುವ ಷರತ್ತನ್ನು ಇಡೀ ಕಾರ್ಟಿನ 2,240ರ ಮೇಲೆ ನೋಡುವ ಬದಲು, ಒಡೆದ ಮೇಲಿನ 1,260ರ ಮೇಲೂ 980ರ ಮೇಲೂ ಬೇರೆ ಬೇರೆಯಾಗಿ ನೋಡಿದರೆ ಎರಡೂ 2,000ಕ್ಕಿಂತ ಕಡಿಮೆ. ವ್ಯವಸ್ಥೆಯ ಪ್ರಕಾರ ಕೂಪನ್ ಅನ್ವಯಿಸುವುದಿಲ್ಲ. ಅದನ್ನು ಹೇಳುವ ಸೌಜನ್ಯವೂ ಅದಕ್ಕಿಲ್ಲ.

ಇದು ನನ್ನ ಊಹೆಯಷ್ಟೇ ಆಗಬಾರದು ಅಂತಿದ್ದರೆ ಆರ್ಡರ್ ಖಚಿತಪಡಿಸಿದ ಮೇಲ್ ತೆಗೆದು ನೋಡಿ. ಒಂದೇ ಆರ್ಡರ್ ಸಂಖ್ಯೆಯ ಕೊನೆಗೆ -1, -2 ಅಂತ ಬಾಲ ಇದ್ದರೆ, ಅಥವಾ ಎರಡು ಬೇರೆ ಬಿಲ್ ಸಂಖ್ಯೆಗಳಿದ್ದರೆ ಒಡೆದಿದ್ದಾರೆ ಅಂತ ಖಾತ್ರಿ. ಒಂದು ವೇಳೆ ಬ್ಯಾಂಕಿನಲ್ಲಿ ಎರಡೂ ಸಲ ಒಂದೇ ಪೂರ್ತಿ ಮೊತ್ತ ಹೋಗಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಅದು ಮೊದಲ ಪಾವತಿ ವಿಫಲವಾಗಿ ಮತ್ತೆ ಒತ್ತಿದಾಗ ಆಗುವಂಥದ್ದು, ಅಲ್ಲಿ ಕೂಪನ್ ಮೊದಲ ಯತ್ನದಲ್ಲೇ "ಬಳಕೆಯಾಗಿದೆ" ಅಂತ ಗುರುತಾಗಿ ಎರಡನೆಯದಕ್ಕೆ ಸಿಗದೇ ಹೋಗುತ್ತದೆ. ಆ ಬಗೆಯಲ್ಲಿ ಒಂದು ಸಾಲು ಎಷ್ಟೋ ಸಲ ಬ್ಯಾಂಕ್ ತಾತ್ಕಾಲಿಕವಾಗಿ ಹಿಡಿದಿಟ್ಟ ಹಣವಾಗಿದ್ದು, ಕೆಲವು ದಿನದಲ್ಲಿ ತಾನಾಗಿಯೇ ಬಿಡುಗಡೆಯಾಗುತ್ತದೆ. ನಿಮ್ಮ ಖಾತೆಯಲ್ಲೂ ಆ ಎರಡು ಸಾಲುಗಳ ಎದುರು "ಬಾಕಿ" ಎಂಬರ್ಥದ ಗುರುತು ಇದೆಯೋ, ಪೂರ್ತಿ ಕಡಿತವಾದ ದಿನಾಂಕ ಇದೆಯೋ ಒಮ್ಮೆ ನೋಡಿ. ಮೊತ್ತಗಳು ಬೇರೆ ಬೇರೆ ಇರುವುದರಿಂದ ನಿಮ್ಮದು ನಿಜವಾಗಿ ಕಡಿತವಾದ ಹಣವೇ ಇರಬೇಕು.

ಕಾರಣ ಒಂದೇ ಆದರೂ ನಿಮ್ಮ ಎರಡು ಬೇಡಿಕೆಗಳ ಬಲ ಒಂದೇ ಅಲ್ಲ. ಪತ್ರದ ನಡೆಯೆಲ್ಲ ನಿಂತಿರುವುದು ಇದರ ಮೇಲೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡೆಲಿವರಿ ಶುಲ್ಕದ ವಿಷಯದಲ್ಲಿ ನಿಮ್ಮ ಕೈ ಗಟ್ಟಿಯಾಗಿದೆ. ಕಾರ್ಟ್ ಪುಟದ ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಎರಡೂ ವಸ್ತುಗಳು, ಡೆಲಿವರಿ 60, ಒಟ್ಟು 2,300 ಅಂತ ಕಾಣಬೇಕು. ಅಂದರೆ ಎರಡಕ್ಕೂ ಸೇರಿ 60 ಅಂತ ಅವರೇ ಹೇಳಿದ್ದಾರೆ, ಆಮೇಲೆ 120 ತಗೊಂಡಿದ್ದಾರೆ. ವಾದಕ್ಕೆ ಎಡೆಯೇ ಇಲ್ಲ. ಒಂದೇ ಎಚ್ಚರ: ಅದೇ ಪುಟದಲ್ಲಿ "ಪ್ರತಿ ಮಾರಾಟಗಾರರಿಗೆ" ಅಥವಾ "ಪ್ರತಿ ಪಾರ್ಸೆಲ್‌ಗೆ" ಅನ್ನುವ ಸಣ್ಣ ಸಾಲು ಇದ್ದರೆ ಎರಡನೆಯ 60 ಅವರ ಷರತ್ತಿನ ಒಳಗೇ ಬರುತ್ತದೆ. ಆಗಲೂ ಒಟ್ಟು ಮೊತ್ತದಲ್ಲಿ 120 ತೋರಿಸದೆ ಮುಚ್ಚಿಟ್ಟದ್ದು ಯಾಕೆ ಅಂತ ಕೇಳಬಹುದು, ಆದರೆ ಅದು "ತಪ್ಪಾಗಿ ಎರಡು ಸಲ ಹಿಡಿದಿದ್ದೀರಿ" ಅನ್ನುವಷ್ಟು ನೇರವಾದ ಮಾತಲ್ಲ.

ಕೂಪನ್ ವಿಷಯದಲ್ಲಿ ನಿಮ್ಮ ಹತ್ತಿರ ಸಂದೇಶ ಇದೆ, ಷರತ್ತು ಇದೆ, ಆದರೆ ನೀವು ಅದನ್ನು ನಿಜಕ್ಕೂ ಹಾಕಿದಿರಿ ಅನ್ನುವುದಕ್ಕೆ ಪುಟದ ಚಿತ್ರ ಇಲ್ಲ. ಅವರು ಇಲ್ಲೇ ಗಂಟು ಹಾಕುತ್ತಾರೆ. ಹೆದರಬೇಕಿಲ್ಲ. ಕಾರ್ಟಿನಲ್ಲಿ ಯಾರು ಯಾವ ಹೊತ್ತಿಗೆ ಯಾವ ಕೋಡ್ ಹಾಕಿದರು, ವ್ಯವಸ್ಥೆ ಅದನ್ನು ಒಪ್ಪಿತೋ ಬಿಟ್ಟಿತೋ ಅನ್ನುವುದು ಸಾಮಾನ್ಯವಾಗಿ ಮಾರಾಟಗಾರರ ದಾಖಲೆಯಲ್ಲಿ ಉಳಿದಿರುತ್ತದೆ. ಮೊದಲ ಹಂತದ ಸಿಬ್ಬಂದಿಗೆ ಅದು ಕಾಣದೇ ಇರಬಹುದು, ತಾಂತ್ರಿಕ ವಿಭಾಗಕ್ಕೆ ಕಾಣುತ್ತದೆ. ಆದ್ದರಿಂದ "ನಾನು ಹಾಕಿದ್ದೆ, ನಂಬಿ" ಅನ್ನುವ ಬದಲು "ನಿಮ್ಮ ದಾಖಲೆಯಲ್ಲಿ ನೋಡಿ" ಅನ್ನಬೇಕು. ಆರ್ಡರ್ ಹಾಕಿದ ದಿನಾಂಕ, ಸುಮಾರು ಹೊತ್ತು, ಕೂಪನ್ ಕೋಡ್ ಈ ಮೂರೂ ಪತ್ರದಲ್ಲಿದ್ದರೆ ಹುಡುಕುವುದು ಅವರಿಗೆ ಸುಲಭ.

ಈಗ ಅವರು ಕೊಟ್ಟ ಉತ್ತರ. "ಆರ್ಡರ್ ಆದ ಮೇಲೆ ಕೂಪನ್ ಹಾಕಲು ಬರುವುದಿಲ್ಲ." ಇದು ಸಿದ್ಧ ಉತ್ತರ. ಪಟ್ಟಿಯಿಂದ ಆರಿಸಿ ಒತ್ತಿದ್ದು. ಕೂಪನ್ ಮರೆತು ಆಮೇಲೆ ಕೇಳುವವರು ದಿನವೂ ಬರುತ್ತಾರೆ, ಅವರಿಗೆ ಬರೆದಿಟ್ಟದ್ದು ನಿಮಗೆ ಬಂದಿದೆ. ನಿಮ್ಮ ಪತ್ರದಲ್ಲಿ "ಕೂಪನ್ ಅನ್ವಯಿಸಿ" ಅನ್ನುವ ಪದಗಳೇ ಇರದಂತೆ ನೋಡಿಕೊಳ್ಳಿ. ಆದ ಆರ್ಡರ್‌ಗೆ ಅವರು ಏನನ್ನೂ ಅನ್ವಯಿಸಬೇಕಿಲ್ಲ. ಹೆಚ್ಚಾಗಿ ತಗೊಂಡ ಹಣ ವಾಪಸ್ ಕೊಡಬೇಕು. ಮೊದಲನೆಯದನ್ನು ಅವರ ವ್ಯವಸ್ಥೆ ಮಾಡಲಾರದು, ಎರಡನೆಯದನ್ನು ಮಾಡುವುದಕ್ಕೆ ಅವರ ಬಳಿ ಗುಂಡಿಯೇ ಇದೆ.

ಕೋರ್ಟಿನ ಮಾತನ್ನೂ ತೆಗೆಯಿರಿ. ಗೌರವಕ್ಕಾಗಿ ಅಲ್ಲ, ನಿಮ್ಮ ಅನುಕೂಲಕ್ಕಾಗಿ. ಎಷ್ಟೋ ಕಡೆ ಕಾನೂನು ಕ್ರಮದ ಬೆದರಿಕೆ ಇರುವ ಪತ್ರಕ್ಕೆ ಸಾಮಾನ್ಯ ಸಿಬ್ಬಂದಿ ಉತ್ತರ ಬರೆಯುವಂತಿಲ್ಲ, ಅದನ್ನು ಬೇರೆ ವಿಭಾಗಕ್ಕೆ ದಾಟಿಸಬೇಕು. ಹಣ ವಾಪಸ್ ಕೊಡಬಲ್ಲವರ ಕೈಯಿಂದ ನೀವೇ ಕಾಗದ ಕಿತ್ತುಕೊಂಡ ಹಾಗೆ ಆಗುತ್ತದೆ.

ಇನ್ನೊಂದು ಒಳಗಿನ ಸಂಗತಿ. ದೂರು ಬಂದಾಗ ಅದಕ್ಕೆ ಒಂದೇ ಒಂದು ವರ್ಗ ಕೊಡುವ ಪದ್ಧತಿ ಬಹಳ ಕಡೆ ಇದೆ. ಕೂಪನ್ ಅಂತ ಗುರುತಿಸಿದರೆ ಕೊಡುಗೆಗಳನ್ನು ನೋಡುವವರಿಗೆ ಹೋಗುತ್ತದೆ, ಶುಲ್ಕ ಅಂತ ಗುರುತಿಸಿದರೆ ಪಾವತಿ ನೋಡುವವರಿಗೆ. ಎರಡನ್ನೂ ಒಂದೇ ಉಸಿರಿನಲ್ಲಿ ಬರೆದರೆ ಒಂದಕ್ಕೆ ಉತ್ತರ ಸಿಕ್ಕ ತಕ್ಷಣ ಇಡೀ ದೂರು ಮುಚ್ಚಿಹೋಗುತ್ತದೆ. ನಿಮಗೆ ಆದದ್ದು ಅದೇ: ಬಂದ ಉತ್ತರದಲ್ಲಿ ಡೆಲಿವರಿ ಶುಲ್ಕದ ಸೊಲ್ಲೇ ಇಲ್ಲ. ಹಾಗಂತ ಎರಡು ಬೇರೆ ದೂರು ಹಾಕಬೇಡಿ. ಒಂದೇ ಆರ್ಡರಿನ ಮೇಲೆ ಎರಡು ದೂರು ಕಂಡರೆ "ನಕಲು" ಅಂತ ಒಂದನ್ನು ಅಳಿಸುವವರಿದ್ದಾರೆ. ಒಂದೇ ಪತ್ರ, ಒಳಗೆ ಎರಡು ಅಂಕಿ ಹಾಕಿದ ಅಂಶ, ಕೊನೆಗೆ ಒಂದೇ ಮೊತ್ತ. ಮುಚ್ಚಿದ ದೂರಿನ ಮೇಲ್‌ಗೇ ಉತ್ತರವಾಗಿ ಕಳಿಸಿ. ಸಾಮಾನ್ಯವಾಗಿ ಅದು ಹಳೆಯ ದೂರನ್ನೇ ಮತ್ತೆ ತೆರೆಯುತ್ತದೆ, ಹಳೆಯ ದಿನಾಂಕವೂ ನಿಮ್ಮ ಪರವಾಗಿ ಉಳಿಯುತ್ತದೆ.

ಪತ್ರ ಹೀಗಿರಲಿ:

ವಿಷಯ: ಆರ್ಡರ್ ಸಂಖ್ಯೆ ______, ದೂರು ಸಂಖ್ಯೆ ______. ಹೆಚ್ಚಾಗಿ ಕಡಿತವಾದ 360 ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ದಿನಾಂಕ ______ರಂದು ರಾತ್ರಿ ಸುಮಾರು ______ ಗಂಟೆಗೆ ನಾನು ಒಂದೇ ಆರ್ಡರ್‌ನಲ್ಲಿ ಬ್ಯಾಗು (1,260) ಮತ್ತು ಮೇಜಿನ ದೀಪ (980) ಖರೀದಿಸಿದೆ. ವಸ್ತುಗಳ ಒಟ್ಟು ಬೆಲೆ 2,240. ನಿಮ್ಮ ವ್ಯವಸ್ಥೆಯಲ್ಲಿ ಈ ಆರ್ಡರ್ ಎರಡಾಗಿ ಒಡೆದು, ನನ್ನ ಕಾರ್ಡಿನಿಂದ 1,320 ಮತ್ತು 1,040, ಒಟ್ಟು 2,360 ಕಡಿತವಾಗಿದೆ. ಇದರಲ್ಲಿ ಎರಡು ವ್ಯತ್ಯಾಸಗಳಿವೆ.

1. ಡೆಲಿವರಿ ಶುಲ್ಕ. ಪಾವತಿಗೆ ಮುಂಚೆ ಕಾರ್ಟ್ ಪುಟದಲ್ಲಿ ಎರಡೂ ವಸ್ತುಗಳಿಗೆ ಸೇರಿ 60 ಎಂದು ತೋರಿಸಲಾಗಿತ್ತು (ಚಿತ್ರ 1). ಎರಡು ಬಿಲ್‌ಗಳಲ್ಲಿ ತಲಾ 60ರಂತೆ 120 ಪಡೆಯಲಾಗಿದೆ (ಬಿಲ್‌ಗಳು ಜೊತೆಗಿವೆ). ಹೆಚ್ಚಾಗಿ ಪಡೆದದ್ದು: 60.

2. ಕೂಪನ್ ರಿಯಾಯಿತಿ. ನೀವು ಕಳಿಸಿದ ______ ಕೋಡಿನ ಷರತ್ತು, 2,000 ಮೀರಿದ ಖರೀದಿಗೆ 15 ಪರ್ಸೆಂಟ್, ಗರಿಷ್ಠ 300 (ಚಿತ್ರ 2). ನನ್ನ ಖರೀದಿ 2,240 ಇದ್ದು, ಪಾವತಿಯ ಮುಂಚೆ ಈ ಕೋಡ್ ನಮೂದಿಸಿದ್ದೇನೆ. ಮೇಲಿನ ದಿನಾಂಕ ಮತ್ತು ಸಮಯದ ನಿಮ್ಮ ದಾಖಲೆಯಲ್ಲಿ ದಯವಿಟ್ಟು ಪರಿಶೀಲಿಸಿ. ಆರ್ಡರನ್ನು ಎರಡಾಗಿ ಒಡೆದದ್ದು ನಾನಲ್ಲ, ಆದ್ದರಿಂದ ಷರತ್ತನ್ನು ಇಡೀ ಖರೀದಿಗೆ ನೋಡಬೇಕು. ಕೊಡದೆ ಉಳಿದದ್ದು: 300.

ನಾನು ಕೊಡಬೇಕಿದ್ದದ್ದು 2,240 − 300 + 60 = 2,000. ಪಡೆದದ್ದು 2,360. ವ್ಯತ್ಯಾಸದ 360 ಅನ್ನು ನಾನು ಪಾವತಿಸಿದ ಕಾರ್ಡಿಗೇ ಹಿಂದಿರುಗಿಸಿ, ದಿನಾಂಕ ______ರ ಒಳಗೆ ತಿಳಿಸಿ. ಎರಡೂ ಅಂಶಗಳು ಇತ್ಯರ್ಥವಾಗುವವರೆಗೆ ಈ ದೂರನ್ನು ಮುಚ್ಚಬೇಡಿ. ಯಾವುದಾದರೂ ಅಂಶವನ್ನು ಒಪ್ಪದಿದ್ದರೆ, ಯಾವ ಷರತ್ತಿನ ಆಧಾರದಲ್ಲಿ ಎಂದು ಬರಹದಲ್ಲಿ ತಿಳಿಸಿ.

ಇಂತಿ,
(ಹೆಸರು, ಆರ್ಡರ್ ಹಾಕಿದ ಮೇಲ್ ವಿಳಾಸ)

ಇಷ್ಟೇ. ನಿಮ್ಮ ಬೇಸರ, ಹಳೆಯ ಖರೀದಿಗಳ ಕಥೆ, ಇನ್ನು ಮುಂದೆ ಅಲ್ಲಿ ಕೊಳ್ಳುವುದಿಲ್ಲ ಅನ್ನುವ ಮಾತು ಯಾವುದೂ ಬೇಡ. ಕೊನೆಯ ವಾಕ್ಯ ಸೌಮ್ಯವಾಗಿ ಕಂಡರೂ ಅದೇ ಕೆಲಸ ಮಾಡುವುದು: ಷರತ್ತನ್ನು ಹುಡುಕಿ ಬರೆಯಬೇಕಾದವರು ಪಟ್ಟಿಯಿಂದ ಉತ್ತರ ಆರಿಸಿ ಒತ್ತಲಾರರು. ಗಡುವಿಗೆ ಒಂದು ವಾರದಿಂದ ಹತ್ತು ದಿನ ಕೊಡಿ. "ತಕ್ಷಣ" ಅಂತ ಬರೆದರೆ ಅದು ಗಡುವೇ ಅಲ್ಲ, ಎಣಿಸಲು ದಿನಾಂಕ ಇರಬೇಕು.

ಜೊತೆಗೆ ಕಳಿಸುವ ಬ್ಯಾಂಕ್ ಪುಟದಲ್ಲಿ ಆ ಎರಡು ಸಾಲು ಬಿಟ್ಟು ಮಿಕ್ಕದ್ದನ್ನು ಮುಚ್ಚಿ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣಲಿ. ಹಣ ವಾಪಸ್ ಮಾಡಲು ಪೂರ್ತಿ ಕಾರ್ಡ್ ಸಂಖ್ಯೆಯಾಗಲಿ, ಕಾರ್ಡಿನ ಹಿಂದಿನ ಮೂರಂಕಿಯಾಗಲಿ, ಓಟಿಪಿಯಾಗಲಿ ಯಾರಿಗೂ ಬೇಕಾಗಿಲ್ಲ. ಹಣ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಸಿಟ್ಟಿನಲ್ಲಿ ಸಾಮಾಜಿಕ ಜಾಲತಾಣದಲ್ಲಿ ಆರ್ಡರ್ ಸಂಖ್ಯೆ ಸಮೇತ ಬರೆದವರಿಗೆ ಮಾರಾಟಗಾರರಿಗಿಂತ ಮುಂಚೆ ಮೋಸಗಾರರ ಕರೆ ಬರುತ್ತದೆ, "ರೀಫಂಡ್ ವಿಭಾಗದಿಂದ" ಅಂತ.

ಪತ್ರ ಕಳಿಸಿದ ಮೇಲೆ ಬಹುಶಃ ಬರುವ ಉತ್ತರ ಹೀಗಿರುತ್ತದೆ: 60 ವಾಪಸ್ ಮಾಡುತ್ತೇವೆ, ಕೂಪನ್ ಬದಲು ಮುಂದಿನ ಖರೀದಿಗೆ 300ರ ಹೊಸ ಕೂಪನ್ ಕೊಡುತ್ತೇವೆ. ಕೆಟ್ಟ ಒಪ್ಪಂದವೇನಲ್ಲ, ಆದರೆ ಸಮವೂ ಅಲ್ಲ. ಹೊಸ ಕೂಪನ್‌ಗೂ ಅವಧಿ, ಕನಿಷ್ಠ ಖರೀದಿ ಇರುತ್ತದೆ. ಅಲ್ಲಿಂದ ಮತ್ತೆ ಕೊಳ್ಳುವ ಮನಸ್ಸಿಲ್ಲದಿದ್ದರೆ ಅದರ ಬೆಲೆ ಸೊನ್ನೆ. ಒಪ್ಪುವುದಾದರೆ ಅವಧಿ ಎಷ್ಟು, ಕನಿಷ್ಠ ಮೊತ್ತ ಎಷ್ಟು ಅಂತ ಬರಹದಲ್ಲಿ ತರಿಸಿಕೊಂಡು ಒಪ್ಪಿ. ಡೆಲಿವರಿಯ 60 ಮಾತ್ರ ವಾಲೆಟ್ ಪಾಯಿಂಟ್ ಆಗಿ ಬೇಡ ಅನ್ನಿ, ಅದು ನಿಮ್ಮ ಕಾರ್ಡಿನಿಂದ ಹೋದ ಹಣ.

ರೀಫಂಡ್ ಆಗಿದೆ ಅಂತ ಅವರು, ಬಂದಿಲ್ಲ ಅಂತ ಬ್ಯಾಂಕು ಹೇಳುವ ಸಂದರ್ಭವೂ ಬರುತ್ತದೆ. ಆಗ ಮಾರಾಟಗಾರರಿಂದ ARN ಎಂಬ 23 ಅಂಕಿಗಳ ಉಲ್ಲೇಖ ಸಂಖ್ಯೆ ಕೇಳಿ. ಕಾರ್ಡ್ ರೀಫಂಡ್ ನಿಜವಾಗಿ ಹೊರಟಿದ್ದರೆ ಅದು ಇರುತ್ತದೆ, ಅದನ್ನು ಕೊಟ್ಟರೆ ಬ್ಯಾಂಕ್ ಹಣ ಎಲ್ಲಿದೆ ಅಂತ ಹುಡುಕಬಲ್ಲದು. ಸಂಖ್ಯೆ ಕೊಡಲು ತಡವರಿಸಿದರೆ ರೀಫಂಡ್ ಇನ್ನೂ ಅವರ ಪರದೆಯಲ್ಲೇ ಕೂತಿದೆ ಅಂತ ಅನುಮಾನಿಸಬಹುದು.

ಅವರು ಒಪ್ಪದಿದ್ದರೆ ಮುಂದಿನ ದಾರಿ ನಿಮ್ಮ ಬ್ಯಾಂಕಿನ ಮೂಲಕ ಆ ಕಡಿತವನ್ನು ಪ್ರಶ್ನಿಸುವುದು, ಚಾರ್ಜ್‌ಬ್ಯಾಕ್ ಅನ್ನುತ್ತಾರಲ್ಲ ಅದು. ಇಲ್ಲಿ ಮತ್ತೆ ಎರಡು ಬೇಡಿಕೆಗಳ ವ್ಯತ್ಯಾಸ ಎದುರಾಗುತ್ತದೆ. ಬ್ಯಾಂಕ್ ನೋಡುವುದು ಒಪ್ಪಿದ ಮೊತ್ತ ಎಷ್ಟು, ಹಿಡಿದದ್ದು ಎಷ್ಟು ಅನ್ನುವುದನ್ನು. 60ಕ್ಕೆ ನಿಮ್ಮ ಸ್ಕ್ರೀನ್‌ಶಾಟ್ ಸಾಕ್ಷಿ. ಕೂಪನ್‌ನ 300ಕ್ಕೆ, ರಿಯಾಯಿತಿ ಕಳೆದ ಮೊತ್ತವನ್ನು ತೋರಿಸುವ ಯಾವ ಪುಟವೂ ನಿಮ್ಮಲ್ಲಿ ಇಲ್ಲದ್ದರಿಂದ ಗೆಲ್ಲುವ ಸಾಧ್ಯತೆ ಕಡಿಮೆ. ಹಾಗಾಗಿ ಪ್ರಶ್ನಿಸುವುದಾದರೆ ಆ 60ನ್ನು ಮಾತ್ರ ಪ್ರಶ್ನಿಸಿ, ಇಡೀ 1,040ನ್ನು ಅಲ್ಲ; ದೀಪ ಕೈಗೆ ಬಂದಿರುವಾಗ ಪೂರ್ತಿ ಮೊತ್ತ ಕೇಳಿದರೆ ದೂರೇ ಬಿದ್ದುಹೋಗುತ್ತದೆ. ವೀಸಾ ನಿಯಮಗಳಲ್ಲಿ ತಪ್ಪು ಮೊತ್ತ, ಎರಡು ಸಲದ ಕಡಿತ ಇಂಥವಕ್ಕೆ ಸಾಮಾನ್ಯವಾಗಿ 120 ದಿನಗಳ ಅವಕಾಶ ಇದೆ, ಆದರೆ ನಿಮ್ಮ ಬ್ಯಾಂಕ್ ಅದಕ್ಕಿಂತ ಬೇಗ ತಿಳಿಸಿ ಅನ್ನಬಹುದು. ಮಾರಾಟಗಾರರ ಜೊತೆ ಮಾತು ನಡೆಯುತ್ತಿರುವಾಗಲೇ ಚಾರ್ಜ್‌ಬ್ಯಾಕ್ ಹಾಕಬೇಡಿ. ಹಾಕಿದ ಕೂಡಲೇ ಎಷ್ಟೋ ಮಾರಾಟಗಾರರು ತಮ್ಮ ಕಡೆಯ ರೀಫಂಡನ್ನು ತಡೆಹಿಡಿದು, ಬ್ಯಾಂಕ್ ತೀರ್ಮಾನಿಸಲಿ ಅಂತ ಕೂರುತ್ತಾರೆ. ಗಡುವು ದಾಟಿದ ಮೇಲೆ ಹಾಕಿ.

ಇಷ್ಟೆಲ್ಲ ಮುಗಿಯುವವರೆಗೆ ಒಂದು ಕೆಲಸ ಮಾತ್ರ ಮಾಡಬೇಡಿ, ಸಿಟ್ಟಿಗೆ ಎರಡರಲ್ಲಿ ಒಂದನ್ನು ವಾಪಸ್ ಕಳಿಸಬೇಡಿ. ದೀಪ ವಾಪಸ್ ಹೋದರೆ ಉಳಿಯುವ ಖರೀದಿ 1,260, ಅದು 2,000 ಮುಟ್ಟುವುದಿಲ್ಲ, ಕೂಪನ್‌ನ ಬೇಡಿಕೆ ಅಲ್ಲಿಗೇ ಸತ್ತಂತೆ. 300 ಕೈಗೆ ಬಂದ ಮೇಲೆ ವಾಪಸ್ ಮಾಡಿದರೂ ದೀಪದ ಪೂರ್ತಿ 980 ಸಿಗುತ್ತದೆ ಅಂತ ಎಣಿಸಬೇಡಿ. ರಿಯಾಯಿತಿಯನ್ನು ವಸ್ತುಗಳ ಬೆಲೆಗೆ ತಕ್ಕಂತೆ ಹಂಚಿ ಲೆಕ್ಕ ಹಾಕುವುದು ವಾಡಿಕೆ, ಹಾಗೆ ಹಂಚಿದರೆ ದೀಪದ ಪಾಲು 131.25, ಬ್ಯಾಗಿನದು 168.75. ಅಂದರೆ ದೀಪಕ್ಕೆ 848.75 ಬರುತ್ತದೆ. ಷರತ್ತು ಮುರಿಯಿತು ಅಂತ ಇಡೀ 300 ಹಿಡಿದುಕೊಳ್ಳುವ ಮಾರಾಟಗಾರರೂ ಇದ್ದಾರೆ, ಅಲ್ಲಿ 680 ಮಾತ್ರ ಸಿಗುತ್ತದೆ. ಅವರ ರಿಟರ್ನ್ ಷರತ್ತಿನಲ್ಲಿ ಈ ಎರಡರಲ್ಲಿ ಯಾವುದಿದೆ ಅಂತ ನೋಡಿಕೊಂಡೇ ದೀಪವನ್ನು ಪ್ಯಾಕ್ ಮಾಡಿ.